ಆರ್ಡರ್ ಕೇಳದ ಆಯುಧಪೂಜೆಯ ಮೇಲ್

ಮಹಾನವಮಿ ಹತ್ತಿರ ಬಂದಾಗ ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ಮಷಿನ್ ನಿಲ್ಲಿಸಿ ಒರೆಸುವ ಕೆಲಸ ಶುರುವಾಗುತ್ತದೆ. ಲೇತಿನ ಮೇಲೆ ವರ್ಷವಿಡೀ ಕೂತ ಎಣ್ಣೆ ಜಿಡ್ಡು, ಮೂಲೆಯಲ್ಲಿ ಸಿಕ್ಕಿಕೊಂಡ ಕಬ್ಬಿಣದ ಸುರುಳಿ ಚೂರು, ಎಲ್ಲವನ್ನೂ ತೆಗೆದು ಕುಂಕುಮ ಇಡುವಂತೆ ಮಾಡಬೇಕು. ಆಪರೇಟರುಗಳು ತಮ್ಮ ತಮ್ಮ ಮಷಿನ್ನನ್ನು ತಾವೇ ತೊಳೆಯುತ್ತಾರೆ, ಬೇರೆಯವರಿಗೆ ಬಿಡುವುದಿಲ್ಲ. ಅದೇ ಹೊತ್ತಿಗೆ ಮೇಲಿನ ಆಫೀಸ್ ಕೋಣೆಯಲ್ಲಿ ಇನ್ನೊಂದು ಕೆಲಸ ನಡೆಯುತ್ತಿರುತ್ತದೆ. ಪಾರ್ಟಿಗಳಿಗೆಲ್ಲ ಹಬ್ಬದ ಇಮೇಲ್ ಕಳಿಸುವುದು. ಇದಕ್ಕೆ ಸಿಗುವುದು ಐದು ನಿಮಿಷ. ಎಲ್ಲಿಂದಲೋ ಇಳಿಸಿಕೊಂಡ ಚಾಮುಂಡೇಶ್ವರಿಯ ಚಿತ್ರ, ಕೆಳಗೆ ಕಂಪನಿಯ ಲೋಗೋ, ಅದರ ಕೆಳಗೆ ‘ಹೊಸ ವಿಎಂಸಿ ಮಷಿನ್ ಅಳವಡಿಸಿದ್ದೇವೆ, ತಮ್ಮ ಅಮೂಲ್ಯ ಆರ್ಡರಿನ ನಿರೀಕ್ಷೆಯಲ್ಲಿ’ ಎಂಬ ಸಾಲು. ನಲವತ್ತು ವಿಳಾಸ ಹಾಕಿ ಗುಂಡಿ ಒತ್ತಿದರೆ ಮುಗಿಯಿತು.

ಆ ಮೇಲ್ ತಲುಪುವ ಜಾಗವನ್ನು ಒಮ್ಮೆ ನೋಡಿ. ಪಂಪ್ ತಯಾರಿಸುವ ಕಂಪನಿಯೊಂದರ ಪರ್ಚೇಸ್ ಮ್ಯಾನೇಜರ್‌ಗೆ ಬಿಡಿಭಾಗ ಮಾಡಿಕೊಡುವ ಸಣ್ಣ ಘಟಕಗಳೇ ಹತ್ತಾರು ಇರುತ್ತವೆ. ಹಬ್ಬದ ಹಿಂದಿನ ದಿನ ಅವರೆಲ್ಲರಿಂದಲೂ ಹೂವು, ದೀಪ, ಲೋಗೋ ಇರುವ ಚಿತ್ರಗಳು ಬರುತ್ತವೆ. ಅವರು ಅದರಲ್ಲಿ ಯಾವುದನ್ನೂ ತೆರೆಯುವುದಿಲ್ಲ. ತೆರೆದರೂ, ಕೊನೆಯ ಸಾಲಿನ ಆರ್ಡರ್ ಬೇಡಿಕೆ ಕಂಡ ಕೂಡಲೇ ಮೇಲಿನ ಶುಭಾಶಯವೆಲ್ಲ ಅದಕ್ಕೆ ಪೀಠಿಕೆಯಾಗಿಬಿಡುತ್ತದೆ. ಹಬ್ಬದ ಮೇಲಿನಲ್ಲಿ ವ್ಯಾಪಾರದ ಮಾತು ಸೇರಿಸಿದರೆ ವ್ಯಾಪಾರವೂ ಆಗುವುದಿಲ್ಲ, ಶುಭಾಶಯವೂ ಉಳಿಯುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಹಾಗೆಂದು ಆ ಒಂದು ಸಾಲು ತೆಗೆದುಹಾಕಿದರೆ ಸಾಕೆ? ಸಾಲದು. ಮಾರಾಟದ ಸಾಲು ತೆಗೆದ ಮೇಲೆ ಉಳಿಯುವ ‘ತಮಗೂ ತಮ್ಮ ಕುಟುಂಬವರ್ಗಕ್ಕೂ ತಾಯಿ ಚಾಮುಂಡೇಶ್ವರಿ ಆಯುರಾರೋಗ್ಯ ಐಶ್ವರ್ಯ ಕರುಣಿಸಲಿ’ ಎಂಬುದನ್ನು ಯಾರು ಯಾರಿಗೆ ಬೇಕಾದರೂ ಬರೆಯಬಹುದು. ಪತ್ರ ಪಡೆದವರಿಗೆ ಅದು ತನಗೇ ಬರೆದದ್ದು ಅನ್ನಿಸಬೇಕಾದರೆ, ಆ ವರ್ಷ ಅವರಿಬ್ಬರ ನಡುವೆ ನಡೆದ ಕೆಲಸದ ಒಂದು ತುಣುಕು ಅದರಲ್ಲಿರಬೇಕು. ಒಂದೇ ಸಾಕು. ಆ ಒಂದು ವಾಕ್ಯ ಬರೆಯಲು ಹಳೆಯ ಪರ್ಚೇಸ್ ಆರ್ಡರ್, ಡಿಸ್ಪ್ಯಾಚ್ ಪುಸ್ತಕ, ಅವರೊಂದಿಗಿನ ಹಿಂದಿನ ಮೇಲುಗಳನ್ನು ತಿರುವಿಹಾಕಬೇಕು. ಹಬ್ಬದ ಮೇಲಿನ ನಿಜವಾದ ಶ್ರಮ ಇಲ್ಲಿದೆ, ಚಿತ್ರ ಹುಡುಕುವುದರಲ್ಲಿ ಅಲ್ಲ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. 2025ರಲ್ಲಿ ಆಯುಧಪೂಜೆ ಬಂದದ್ದು ಅಕ್ಟೋಬರ್ 1, ಬುಧವಾರ. ಮರುದಿನ ವಿಜಯದಶಮಿ, ಜೊತೆಗೆ ಗಾಂಧಿ ಜಯಂತಿ. ಎರಡೂ ದಿನ ಇಲ್ಲಿ ರಜೆ. ಬುಧವಾರ ಕಳಿಸಿದ ಮೇಲನ್ನು ಗಿರಾಕಿ ಶುಕ್ರವಾರ ಬೆಳಿಗ್ಗೆ ನೋಡುತ್ತಾರೆ, ಆಗ ಮೂರು ದಿನದ ಮೇಲುಗಳ ನಡುವೆ ಅದು ಹಳಸಿರುತ್ತದೆ. ಹಾಗಾಗಿ ಮಂಗಳವಾರ, ಸೆಪ್ಟೆಂಬರ್ 30ರ ಬೆಳಿಗ್ಗೆ ಹತ್ತೂವರೆ ಹನ್ನೊಂದರ ಹೊತ್ತಿಗೆ ಕಳಿಸಬೇಕು. ಸಂಜೆ ಕಳಿಸಿದರೆ ಊರಿಗೆ ಹೊರಟವರ ಕೈಗೆ ಸಿಗುವುದಿಲ್ಲ. ಪಂಪ್ ಕಂಪನಿಯ ಆ ಮ್ಯಾನೇಜರ್‌ಗೆ, ಅವರ ಶಾಫ್ಟುಗಳನ್ನು ಕಡೆದುಕೊಡುವ ಶೆಡ್ಡಿನ ಮಾಲೀಕರು ಹೀಗೆ ಬರೆಯಬಹುದು.

‘ನಮಸ್ಕಾರ. ನಾಳೆ ಆಯುಧಪೂಜೆ, ಇವತ್ತು ಬೆಳಿಗ್ಗೆಯಿಂದ ಮಷಿನ್ ತೊಳೆಯುತ್ತಿದ್ದೇವೆ. ನಿಮ್ಮ ಶಾಫ್ಟು ಓಡುವ ಲೇತಿನ ಫೋಟೋ ಕೆಳಗಿದೆ. ಜೂನ್ ತಿಂಗಳಲ್ಲಿ ಬೇರಿಂಗ್ ಕೂರುವ ಜಾಗದ ಅಳತೆ ತಪ್ಪಿ ಒಂದು ಲಾಟ್ ವಾಪಸ್ ಬಂದಾಗ ನಿಮ್ಮ ಕ್ವಾಲಿಟಿ ವಿಭಾಗದವರು ಇಲ್ಲಿಗೇ ಬಂದು, ತೊಳೆದ ಶಾಫ್ಟು ತಣ್ಣಗಾಗುವ ಮೊದಲೇ ನಾವು ಅಳೆಯುತ್ತಿದ್ದುದನ್ನು ಕಂಡುಹಿಡಿದರು. ಅಂದಿನಿಂದ ಅರ್ಧ ಗಂಟೆ ಬಿಟ್ಟು ಅಳೆಯುತ್ತೇವೆ. ನಮ್ಮ ಹುಡುಗರು ಈಗ ಬೇರೆ ಕೆಲಸಕ್ಕೂ ಅದೇ ಕ್ರಮ ಇಟ್ಟುಕೊಂಡಿದ್ದಾರೆ. ಅವರಿಗೆ ನಮ್ಮೆಲ್ಲರ ನಮಸ್ಕಾರ ತಿಳಿಸಿ. ನಾಳೆ, ನಾಳಿದ್ದು ನಮಗೆ ರಜೆ, 3ರ ಬೆಳಿಗ್ಗೆ ಎಂದಿನಂತೆ ತೆರೆಯುತ್ತೇವೆ. ನಿಮಗೂ ಮನೆಯವರಿಗೂ ಹಬ್ಬದ ಶುಭಾಶಯಗಳು.’

ಕೆಳಗೆ ಮಾಲೀಕರ ಹೆಸರು, ಮೊಬೈಲ್ ಸಂಖ್ಯೆ. ಅಷ್ಟೇ.

ಇದರಲ್ಲಿ ‘ಗುಣಮಟ್ಟ’ ಎಂಬ ಮಾತೇ ಇಲ್ಲ, ‘ನಿಮ್ಮ ಸೇವೆಗೆ ಸದಾ ಸಿದ್ಧ’ ಎಂಬುದೂ ಇಲ್ಲ. ಬಿಸಿ ಕಬ್ಬಿಣ ಒಂದಿಷ್ಟು ಹಿಗ್ಗಿರುತ್ತದೆ, ಆಗ ಅಳೆದರೆ ಸರಿಯೆನಿಸಿದ ಅಳತೆ ತಣ್ಣಗಾದ ಮೇಲೆ ಕಮ್ಮಿಯಾಗುತ್ತದೆ. ಮೈಕ್ರಾನ್ ಲೆಕ್ಕದ ಕೆಲಸದಲ್ಲಿ ಅಷ್ಟು ಸಾಕು, ಬೇರಿಂಗ್ ಸಡಿಲವಾಗುತ್ತದೆ. ಇದು ಆ ಇಬ್ಬರಿಗೂ ಗೊತ್ತಿರುವ ಸಂಗತಿ, ಇಬ್ಬರೂ ಅದರಿಂದ ತಲೆಕೆಡಿಸಿಕೊಂಡವರು. ಅದನ್ನು ನೆನಪಿಟ್ಟು, ಸರಿಪಡಿಸಿ, ಆ ಶ್ರೇಯವನ್ನು ಅವರ ಮನುಷ್ಯನಿಗೆ ಕೊಟ್ಟು ಬರೆದ ಪತ್ರವನ್ನು ಮ್ಯಾನೇಜರ್ ಖಂಡಿತ ಓದುತ್ತಾರೆ. ಕ್ವಾಲಿಟಿಯವರಿಗೂ ಕಳಿಸಿಕೊಡುತ್ತಾರೆ.

ರಜೆಯ ದಿನಗಳನ್ನು ಹೇಳಿದ್ದು ಮಾರಾಟದ ಮಾತಲ್ಲ, ಗಿರಾಕಿಗೆ ಬೇಕಾದ ಮಾಹಿತಿ. ಅವರ ಅಸೆಂಬ್ಲಿ ಲೈನಿಗೆ ಯಾವಾಗ ಮಾಲು ಬರುತ್ತದೆ, ಯಾವಾಗ ಬರುವುದಿಲ್ಲ ಎಂದು ತಿಳಿದಿದ್ದರೆ ಅವರಿಗೆ ಅನುಕೂಲ. ಪುಣೆಯಲ್ಲೋ ಜರ್ಮನಿಯಲ್ಲೋ ಇರುವ ಗಿರಾಕಿಗೆ ಈ ಸಾಲು ಇನ್ನೂ ಮುಖ್ಯ, ಏಕೆಂದರೆ ಅವರ ಕ್ಯಾಲೆಂಡರಿನಲ್ಲಿ ನಮ್ಮ ರಜೆಗಳೆಲ್ಲ ಇರುವುದಿಲ್ಲ.

ಯಾವ ಸಂಗತಿಯನ್ನು ನೆನಪಿಸಿಕೊಳ್ಳಬೇಕು ಎಂಬಲ್ಲಿ ಮಾತ್ರ ಎಚ್ಚರ ಬೇಕು. ಕೆಲಸವನ್ನು ನೆನೆಯಬೇಕು, ಉಪಕಾರವನ್ನಲ್ಲ. ‘ಕಷ್ಟದಲ್ಲಿದ್ದಾಗ ನಮ್ಮ ಬಿಲ್ ಬೇಗ ಪಾಸ್ ಮಾಡಿಸಿದಿರಿ’ ಎಂದು ಒಬ್ಬರು ಕೃತಜ್ಞತೆಯಿಂದಲೇ ಬರೆಯಬಹುದು. ಆದರೆ ಕಂಪನಿಯ ಮೇಲ್ ಕಂಪನಿಯ ಸ್ವತ್ತು, ನಾಳೆ ಅದನ್ನು ಆಡಿಟ್‌ನವರು ನೋಡಬಹುದು. ಆಗ ಆ ಮ್ಯಾನೇಜರ್ ಒಬ್ಬ ಸರಬರಾಜುದಾರನಿಗೆ ಮಾತ್ರ ವಿಶೇಷ ಸಹಾಯ ಮಾಡಿದರು ಎಂಬುದಕ್ಕೆ ನಾವೇ ಬರೆದುಕೊಟ್ಟ ಪುರಾವೆಯಾಗುತ್ತದೆ. ಬರೆದದ್ದು ಅವರ ಮೇಲಧಿಕಾರಿಯ ಕಣ್ಣಿಗೆ ಬಿದ್ದರೂ ಅವರಿಗೆ ಒಳ್ಳೆಯದೇ ಆಗಬೇಕು. ಕ್ವಾಲಿಟಿಯವರು ಬಂದು ತಪ್ಪು ಹಿಡಿದದ್ದು ಅಂಥ ಸಂಗತಿ. ಇದೇ ಕಾರಣಕ್ಕೆ ಹಬ್ಬದ ಮೇಲಿನ ಜೊತೆ ಗಿಫ್ಟ್ ವೋಚರ್ ಕಳಿಸುವುದೂ ಬೇಡ. ದೊಡ್ಡ ಕಂಪನಿಗಳಲ್ಲಿ ಉಡುಗೊರೆ ಸ್ವೀಕರಿಸುವ ಬಗ್ಗೆ ಬಿಗಿ ನಿಯಮಗಳಿರುತ್ತವೆ. ಬಂದದ್ದನ್ನು ವರದಿ ಮಾಡಿ ವಾಪಸ್ ಕಳಿಸುವ ಮುಜುಗರ ಅವರ ಪಾಲಿಗೆ ಬರುತ್ತದೆ.

ಇನ್ನು ಮಾರಾಟ ಎಂಬುದು ಬಾಗಿಲಲ್ಲಿ ತಡೆದರೆ ಹಿತ್ತಿಲಿನಿಂದ ಬರುತ್ತದೆ. ಮೇಲಿನ ಪತ್ರವನ್ನು ಎಷ್ಟೇ ಚೆನ್ನಾಗಿ ಬರೆಯಿರಿ, ಹೆಸರಿನ ಕೆಳಗೆ ತಾನೇ ತಾನಾಗಿ ಅಂಟಿಕೊಳ್ಳುವ ಸಿಗ್ನೇಚರಿನಲ್ಲಿ ‘ನಮ್ಮ ಸೌಲಭ್ಯಗಳು: ಸಿಎನ್‌ಸಿ ಟರ್ನಿಂಗ್, ಮಿಲ್ಲಿಂಗ್, ಗ್ರೈಂಡಿಂಗ್’ ಎಂದು ಬಣ್ಣದ ಪಟ್ಟಿ ಇದ್ದರೆ ಮೇಲ್ ಮತ್ತೆ ಜಾಹೀರಾತೇ. ಆ ಒಂದು ಮೇಲಿಗೆ ಸಿಗ್ನೇಚರ್ ಅಳಿಸಿ ಹೆಸರನ್ನು ಕೈಯಾರೆ ಟೈಪ್ ಮಾಡಬೇಕು. ‘ಮುಂದಿನ ವರ್ಷವೂ ನಮ್ಮ ವ್ಯವಹಾರ ಹೀಗೇ ಬೆಳೆಯಲಿ’ ಎಂಬ ಹಾರೈಕೆಯೂ ಕೇಳಲು ಮುಗ್ಧವಾಗಿದ್ದರೂ ಆರ್ಡರ್ ಕೇಳುವ ಮಾತೇ, ಅದನ್ನೂ ಬಿಡುವುದು ಒಳ್ಳೆಯದು.

ಇವೆಲ್ಲಕ್ಕಿಂತ ಹೆಚ್ಚು ಕೆಡಿಸುವುದು ಅಕೌಂಟ್ಸ್ ವಿಭಾಗ. ಸೆಪ್ಟೆಂಬರ್ 30 ಅರ್ಧ ವರ್ಷದ ಕೊನೆಯ ದಿನ. ಬಾಕಿ ಎಷ್ಟಿದೆ ಎಂಬ ಸ್ಟೇಟ್‌ಮೆಂಟ್ ಎಲ್ಲ ಪಾರ್ಟಿಗಳಿಗೂ ಹೋಗುವ ದಿನವೂ ಅದೇ. ಸಣ್ಣ ಘಟಕಗಳಿಗೆ ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕು, ತಡಮಾಡಿ ವರ್ಷ ಮುಗಿಯುವವರೆಗೂ ಕೊಡದಿದ್ದರೆ ಕೊಳ್ಳುವವರು ಆ ಖರ್ಚನ್ನು ಆ ವರ್ಷದ ಆದಾಯ ತೆರಿಗೆ ಲೆಕ್ಕದಲ್ಲಿ ತೋರಿಸಲಾಗದು ಎಂಬ ನಿಯಮ ಬಂದ ಮೇಲೆ ಇಂಥ ನೆನಪೋಲೆಗಳು ಇನ್ನಷ್ಟು ಖಡಕ್ಕಾಗಿವೆ. ಹಣ ಕೇಳುವುದು ತಪ್ಪಲ್ಲ, ಅದು ನ್ಯಾಯವಾದ ಹಕ್ಕು. ಆದರೆ ಹನ್ನೊಂದು ಗಂಟೆಗೆ ಮಾಲೀಕರ ಶುಭಾಶಯ, ಹನ್ನೊಂದೂಕಾಲಿಗೆ ಅದೇ ಶೆಡ್ಡಿನಿಂದ ‘ಬಾಕಿ ತೀರಿಸದಿದ್ದರೆ ಬಡ್ಡಿ ಹಾಕಲಾಗುವುದು’ ಎಂಬ ಪತ್ರ ಬಂದರೆ ಮೊದಲನೆಯದಕ್ಕೆ ಅರ್ಥ ಉಳಿಯುವುದಿಲ್ಲ. ಅಕೌಂಟ್ಸ್ ನೋಡಿಕೊಳ್ಳುವವರಿಗೆ ವಾರದ ಮೊದಲೇ ಹೇಳಿಟ್ಟು, ಬಾಕಿ ಪತ್ರವನ್ನು 26ರೊಳಗೆ ಕಳಿಸಬೇಕು. ಇಲ್ಲವೇ ಹಬ್ಬ ಕಳೆದು 6ರ ಸೋಮವಾರಕ್ಕೆ ಇಡಬೇಕು.

ದೀಪಾವಳಿಯ ಬದಲು ಆಯುಧಪೂಜೆಯನ್ನೇ ಉದಾಹರಣೆಗೆ ತೆಗೆದುಕೊಂಡದ್ದಕ್ಕೆ ಕಾರಣವಿದೆ. ದೀಪಾವಳಿಗೆ ಬ್ಯಾಂಕಿನವರು, ವಿಮೆಯವರು, ಮೊಬೈಲ್ ಕಂಪನಿಯವರು ಎಲ್ಲರೂ ಮೇಲ್ ಕಳಿಸುತ್ತಾರೆ. ಆಯುಧಪೂಜೆ ಮಷಿನ್ ಇಟ್ಟುಕೊಂಡವರ ಹಬ್ಬ. ಶೆಡ್ಡಿನ ಮಾಲೀಕರಿಗೆ ಆ ದಿನದ ಬಗ್ಗೆ ಹೇಳಲು ತಮ್ಮದೇ ಮಾತಿರುತ್ತದೆ. ಇನ್ನೊಂದು ಅನುಕೂಲವೆಂದರೆ, ‘ನಾಳೆ ನಮ್ಮಲ್ಲಿ ಹೀಗೆ ಪೂಜೆ’ ಎಂದು ನಮ್ಮ ಹಬ್ಬವನ್ನು ಹೇಳಿ ಹಾರೈಸಿದರೆ ಗಿರಾಕಿ ಯಾವ ಧರ್ಮದವರು, ಯಾವ ಊರಿನವರು ಎಂಬುದು ಅಡ್ಡಬರುವುದಿಲ್ಲ. ‘ನಿಮ್ಮ ಮನೆಯ ಪೂಜೆ’ ಎಂದು ಊಹಿಸಿ ಬರೆದಾಗಲೇ ತೊಂದರೆ. ಪುಣೆಯವರು ಇದೇ ದಿನವನ್ನು ಖಂಡೇನವಮಿ ಎನ್ನುತ್ತಾರೆ. ಕೋಲ್ಕತ್ತದ ಕಾರ್ಖಾನೆಗಳಲ್ಲಿ ಯಂತ್ರಗಳಿಗೆ ಪೂಜೆಯಾಗುವುದು ಸೆಪ್ಟೆಂಬರ್ ಮಧ್ಯದಲ್ಲಿ ಬರುವ ವಿಶ್ವಕರ್ಮ ಪೂಜೆಯಂದು, ಮಹಾನವಮಿಯ ಹೊತ್ತಿಗೆ ಅವರು ದುರ್ಗಾಪೂಜೆಯಲ್ಲಿ ಮುಳುಗಿರುತ್ತಾರೆ. ಕೇರಳದವರು ಆ ದಿನಗಳಲ್ಲಿ ಉಪಕರಣಗಳ ಜೊತೆ ಪುಸ್ತಕಗಳನ್ನೂ ಪೂಜೆಗಿಟ್ಟು ವಿಜಯದಶಮಿಯಂದು ಮಕ್ಕಳಿಗೆ ಅಕ್ಷರಾಭ್ಯಾಸ ಮಾಡಿಸುತ್ತಾರೆ. ಇದನ್ನು ತಿಳಿದು ಅರ್ಧ ಸಾಲು ಸೇರಿಸಿದರೆ ಚೆಂದ, ಗೊತ್ತಿಲ್ಲದಿದ್ದರೆ ನಮ್ಮದನ್ನಷ್ಟೇ ಹೇಳಿದರೂ ಸಾಕು.

ಪಟ್ಟಿಯಿಂದ ಕೆಲವು ಹೆಸರುಗಳನ್ನು ತೆಗೆದಿಡಬೇಕಾಗುತ್ತದೆ. ಗಿರಾಕಿಯ ಮನೆಯಲ್ಲಿ ಆ ವರ್ಷ ಸಾವಾಗಿದ್ದರೆ ನಮ್ಮಲ್ಲಿ ಬಹಳಷ್ಟು ಮನೆಗಳವರು ವರ್ಷಾಬ್ದಿಕ ಆಗುವವರೆಗೆ ಹಬ್ಬ ಮಾಡುವುದಿಲ್ಲ. ಆಗಸ್ಟಿನಲ್ಲಿ ತಂದೆಯನ್ನು ಕಳೆದುಕೊಂಡವರಿಗೆ ಸೆಪ್ಟೆಂಬರಿನಲ್ಲಿ ‘ಮನೆಮಂದಿಯೆಲ್ಲ ಸಡಗರದಿಂದ ಹಬ್ಬ ಆಚರಿಸಿ’ ಎಂಬ ಮೇಲ್ ಹೋದರೆ ಅದಕ್ಕಿಂತ ಕಳಿಸದಿರುವುದು ಎಷ್ಟೋ ಮೇಲು. ಜಪಾನಿನಲ್ಲಿ ಇದಕ್ಕೊಂದು ಪದ್ಧತಿಯೇ ಇದೆ. ಸಾವಾದ ಮನೆಯವರು ವರ್ಷ ಮುಗಿಯುವ ಮೊದಲೇ ಪರಿಚಯದವರಿಗೆಲ್ಲ ಕಾರ್ಡ್ ಬರೆದು, ಈ ಸಲ ಹೊಸ ವರ್ಷದ ಶುಭಾಶಯಗಳನ್ನು ವಿನಿಮಯ ಮಾಡಿಕೊಳ್ಳುವುದಿಲ್ಲ ಎಂದು ತಿಳಿಸುತ್ತಾರೆ. ನಮ್ಮಲ್ಲಿ ಯಾರೂ ಹಾಗೆ ತಿಳಿಸುವುದಿಲ್ಲ, ನಾವೇ ತಿಳಿದಿರಬೇಕು. ಅಂಥವರಿಗೆ ಫೋಟೋ ಇಲ್ಲದೆ, ಶುಭಾಶಯ ಎಂಬ ಮಾತಿಲ್ಲದೆ ಎರಡು ಸಾಲು ಸಾಕು: ‘ಈ ವರ್ಷ ನಿಮಗೆ ಹಬ್ಬವಿಲ್ಲವೆಂದು ಗೊತ್ತು. ಇವತ್ತು ನಿಮ್ಮ ನೆನಪಾಯಿತು, ಅಮ್ಮ ಹೇಗಿದ್ದಾರೆ?’ ವ್ಯವಹಾರದ ಎಷ್ಟೋ ಪತ್ರಗಳನ್ನು ನೋಡಿದ್ದೇನೆ, ಮನುಷ್ಯರನ್ನು ಹತ್ತಿರ ತರುವುದು ಇಂಥವೇ.

ಈ ಕಾರಣಕ್ಕೇ ಎಲ್ಲರಿಗೂ ಒಟ್ಟಿಗೆ ಒಂದೇ ಮೇಲ್ ಹಾಕುವುದನ್ನು ಕೈಬಿಡಬೇಕು. ನಲವತ್ತು ವಿಳಾಸಗಳನ್ನು ಮೇಲಿನ ಸಾಲಿನಲ್ಲಿ ಹಾಕಿದರೆ ಪ್ರತಿಯೊಬ್ಬ ಗಿರಾಕಿಗೂ ಉಳಿದ ಮೂವತ್ತೊಂಬತ್ತು ಗಿರಾಕಿಗಳು ಯಾರೆಂದು ಕಾಣುತ್ತದೆ. ಅವರಲ್ಲಿ ಒಬ್ಬರಿಗೊಬ್ಬರು ಪೈಪೋಟಿಯವರೂ ಇರುತ್ತಾರೆ. ಒಬ್ಬರು ‘ಎಲ್ಲರಿಗೂ ಉತ್ತರ’ ಒತ್ತಿದರಂತೂ ನಲವತ್ತು ಪೆಟ್ಟಿಗೆಗಳಲ್ಲೂ ಗದ್ದಲ. BCC ಎಂಬ ಜಾಗದಲ್ಲಿ ಹಾಕಿದರೆ ಹೆಸರುಗಳು ಕಾಣುವುದಿಲ್ಲ ನಿಜ. ಆದರೆ ತನ್ನ ವಿಳಾಸವೇ ಇಲ್ಲದ ಮೇಲ್ ನೋಡಿದವರಿಗೆ ಇದು ಎಲ್ಲರಿಗೂ ಹೋದದ್ದು ಎಂದು ತಕ್ಷಣ ತಿಳಿಯುತ್ತದೆ. ಪಟ್ಟಿಯಿಂದ ಹೆಸರು ತೆಗೆದು ತಾನೇ ತುಂಬುವ ಮೇಲ್ ಮರ್ಜ್ ಸೌಲಭ್ಯವೂ ಇದೆ, ಅದರಲ್ಲಿ ಒಂದು ಕೋಶ ಖಾಲಿಯಿದ್ದರೆ ‘ಆತ್ಮೀಯ ಅವರಿಗೆ’ ಎಂದು ಹೆಸರಿಲ್ಲದೆ ಹೋಗುತ್ತದೆ. ಆ ವರ್ಷ ನಿಜವಾಗಿ ಕೂಡಿ ಕೆಲಸ ಮಾಡಿದ ಹದಿನೈದಿಪ್ಪತ್ತು ಮಂದಿಯನ್ನು ಆರಿಸಿ ಒಬ್ಬೊಬ್ಬರಿಗೇ ಬರೆಯುವುದೇ ನನ್ನ ಸಲಹೆ. ನೆನಪಿನ ವಾಕ್ಯಗಳನ್ನು ವಾರದ ಮೊದಲೇ ಒಂದು ಹಾಳೆಯಲ್ಲಿ ಗುರುತು ಹಾಕಿಟ್ಟರೆ, ಕಳಿಸುವ ದಿನ ಒಂದೆರಡು ಗಂಟೆಯ ಕೆಲಸ. ಉಳಿದವರಿಗೆ ಏನೂ ಹೋಗದಿದ್ದರೆ ನಷ್ಟವೇನಿಲ್ಲ.

ಫೋಟೋ ವಿಷಯದಲ್ಲಿ ಎರಡು ಮಾತು. ಶುಭಾಶಯವನ್ನು ಚಿತ್ರದೊಳಗೇ ಬರೆಸಬೇಡಿ. ಎಷ್ಟೋ ಆಫೀಸುಗಳಲ್ಲಿ ಹೊರಗಿನಿಂದ ಬಂದ ಮೇಲಿನ ಚಿತ್ರಗಳು ತಾವಾಗಿ ತೆರೆದುಕೊಳ್ಳುವುದಿಲ್ಲ. ಓದುವವರಿಗೆ ಕಾಣುವುದು ಖಾಲಿ ಚೌಕ. ಮಾತು ಮಾತಾಗಿಯೇ ಇರಲಿ, ಫೋಟೋ ಜೊತೆಗಿರಲಿ, ಅದನ್ನೂ ಮೊಬೈಲಿನಲ್ಲಿ ತೆಗೆದ ಹಾಗೆಯೇ ಐದಾರು ಎಂಬಿ ಭಾರದಲ್ಲಿ ಕಳಿಸದೆ ಕುಗ್ಗಿಸಿ ಕಳಿಸಿ. ಎರಡನೆಯದು ಇನ್ನೂ ಮುಖ್ಯ. ಮಷಿನ್ ಪಕ್ಕ ಅಂಟಿಸಿದ ಡ್ರಾಯಿಂಗ್, ಕಂಪನಿಯ ಹೆಸರಿರುವ ಜಾಬ್ ಕಾರ್ಡ್, ಟ್ರೇಯಲ್ಲಿ ಬಿದ್ದಿರುವ ಬೇರೆ ಪಾರ್ಟಿಯ ಮಾಲು, ಇವು ಫೋಟೋದ ಮೂಲೆಯಲ್ಲಿ ಬಂದುಬಿಡುತ್ತವೆ. ಡ್ರಾಯಿಂಗುಗಳನ್ನು ಹೊರಗೆ ತೋರಿಸುವುದಿಲ್ಲ ಎಂದು ಸಹಿ ಹಾಕಿಕೊಟ್ಟಿರುವ ಶೆಡ್ಡು ಹಬ್ಬದ ಫೋಟೋದಲ್ಲೇ ಅದನ್ನು ತೋರಿಸಿದರೆ, ನೋಡಿದ ಗಿರಾಕಿಗೆ ಬರುವ ಮೊದಲ ಯೋಚನೆ ‘ನನ್ನ ಡ್ರಾಯಿಂಗ್ ಯಾರಿಗೆ ಹೋಗಿದೆಯೋ’ ಎಂಬುದು. ಕಳಿಸುವ ಮೊದಲು ಫೋಟೋವನ್ನು ದೊಡ್ಡದು ಮಾಡಿ ನಾಲ್ಕೂ ಮೂಲೆ ನೋಡಬೇಕು.

ಕನ್ನಡದಲ್ಲಿ ಬರೆಯುವವರು ಯೂನಿಕೋಡ್ ಅಕ್ಷರದಲ್ಲೇ ಬರೆಯಬೇಕು. ಹಳೆಯ ನುಡಿ ಅಥವಾ ಬರಹದ ಫಾಂಟಿನಲ್ಲಿ ಟೈಪ್ ಮಾಡಿ ಅಂಟಿಸಿದ್ದು ಆ ಫಾಂಟ್ ಇಲ್ಲದವರ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತದೆ. ವ್ಯವಹಾರವೆಲ್ಲ ಇಂಗ್ಲಿಷಿನಲ್ಲೇ ನಡೆಯುವ ಕನ್ನಡದ ಗಿರಾಕಿಗೆ ವರ್ಷಕ್ಕೊಮ್ಮೆ ಕನ್ನಡದಲ್ಲಿ ಬಂದ ಪತ್ರ ಬಹಳ ಹಿತವೆನಿಸುತ್ತದೆ, ಹಾಗಾಗಿ ಈ ಒಂದು ಎಚ್ಚರ ತೆಗೆದುಕೊಳ್ಳುವುದು ಸಾರ್ಥಕ. ಸ್ವಂತ ಡೊಮೇನಿನ ವಿಳಾಸ ಇರುವವರು ಮೊದಲು ತಮ್ಮದೇ ಇನ್ನೊಂದು ಜಿಮೇಲ್ ಖಾತೆಗೆ ಒಂದು ಮೇಲ್ ಕಳಿಸಿ, ಅಲ್ಲಿ Show original ತೆರೆದು SPF ಮತ್ತು DKIM ಎಂಬ ಎರಡು ಸಾಲುಗಳ ಎದುರು PASS ಎಂದಿದೆಯೇ ನೋಡಬೇಕು. ಈ ಮೇಲ್ ನಿಜಕ್ಕೂ ಆ ಡೊಮೇನಿನವರೇ ಕಳಿಸಿದ್ದು ಎಂದು ಪರೀಕ್ಷಿಸುವ ಗುರುತುಗಳು ಅವು. ಇಲ್ಲದಿದ್ದರೆ ಎಷ್ಟು ಮನಸ್ಸಿಟ್ಟು ಬರೆದದ್ದೂ ಸ್ಪ್ಯಾಮ್ ಪೆಟ್ಟಿಗೆ ಸೇರಬಹುದು. ಡೊಮೇನ್ ಮಾರಿದವರಿಗೆ ಫೋನ್ ಮಾಡಿ ಹೇಳಿದರೆ ಸರಿಪಡಿಸಿಕೊಡುತ್ತಾರೆ.

ಎಷ್ಟು ಮಂದಿ ತೆರೆದರು ಎಂದು ಲೆಕ್ಕ ಕೊಡುವ ಸಾಧನಗಳಿವೆ. ಕಣ್ಣಿಗೆ ಕಾಣದ ಸಣ್ಣ ಚಿತ್ರವೊಂದನ್ನು ಮೇಲಿನಲ್ಲಿಟ್ಟು, ಅದು ಲೋಡ್ ಆದಾಗ ‘ತೆರೆದರು’ ಎಂದು ಅವು ಗುರುತು ಹಾಕಿಕೊಳ್ಳುತ್ತವೆ. ಹಬ್ಬದ ಪತ್ರಕ್ಕೆ ಇದು ಬೇಡ. 2021ರಿಂದ ಆಪಲ್‌ನ ಮೇಲ್ ಆ್ಯಪ್ ಇಂಥ ಚಿತ್ರಗಳನ್ನು ಓದುಗ ತೆರೆಯದಿದ್ದರೂ ತಾನೇ ಲೋಡ್ ಮಾಡುವ ವ್ಯವಸ್ಥೆ ತಂದಿರುವುದರಿಂದ ಆ ಲೆಕ್ಕವೂ ನಂಬುವಂತಿಲ್ಲ. ಪತ್ರ ತಲುಪಿತೇ ಎಂದು ತಿಳಿಯುವುದು ಉತ್ತರಗಳಿಂದ. ‘ಥ್ಯಾಂಕ್ಸ್, ನಿಮಗೂ’ ಎಂದಷ್ಟೇ ಬಂದರೆ ಅದು ಸೌಜನ್ಯ. ‘ಆ ಶಾಫ್ಟಿನ ಕಥೆ ನಮ್ಮ ಹುಡುಗನಿಗೆ ತೋರಿಸಿದೆ, ಖುಷಿಪಟ್ಟ’ ಎಂದು ಅವರದೇ ಒಂದು ಮಾತು ಬಂದರೆ ಪತ್ರ ಮನಸ್ಸಿಗೆ ಮುಟ್ಟಿದೆ. ಇಪ್ಪತ್ತರಲ್ಲಿ ಆರೇಳು ಅಂಥವು ಬಂದರೂ ಬಹಳ. ‘ಅವರು ಈಗ ಈ ಕಂಪನಿಯಲ್ಲಿಲ್ಲ’ ಎಂದು ಒಂದೆರಡು ಮರಳಿ ಬರುತ್ತವೆ, ಅವೂ ಪ್ರಯೋಜನದವೇ. ಹೊಸದಾಗಿ ಆ ಕುರ್ಚಿಗೆ ಬಂದವರು ಯಾರು, ಹಳಬರು ಎಲ್ಲಿಗೆ ಹೋದರು ಎಂದು ವಿಚಾರಿಸಿ ಪುಸ್ತಕದಲ್ಲಿ ತಿದ್ದಿಕೊಳ್ಳಬೇಕು. ಕೆಲಸ ಬದಲಿಸಿದವರಿಗೆ ಅವರ ಸ್ವಂತ ನಂಬರಿಗೆ ಒಂದು ಶುಭಾಶಯ ಹೋದರೆ, ಅವರ ಕೈಯಲ್ಲಿ ಈಗ ನಮಗೆ ಕೊಡುವ ಆರ್ಡರ್ ಯಾವುದೂ ಇಲ್ಲ ಎಂಬುದು ಗೊತ್ತಿದ್ದೂ ಬರೆದದ್ದಾಗಿರುತ್ತದೆ.

ಕೆಲವೊಮ್ಮೆ ಉತ್ತರದಲ್ಲೇ ಗಿರಾಕಿ ಕೆಲಸದ ಮಾತು ಎತ್ತುತ್ತಾರೆ: ‘ಹಾಗೇ, ಹೊಸ ಇಂಪೆಲ್ಲರ್ ಒಂದಿದೆ, ಮಾಡ್ತೀರಾ?’ ಆಗ ಅದೇ ಮೇಲಿನ ಕೆಳಗೆ ರೇಟು ಬರೆದು ಕಳಿಸುವ ಆತುರ ಸಹಜ. ಬೇಡ. ಅಲ್ಲಿ ‘ಖಂಡಿತ, 3ರಂದು ಫೋನ್ ಮಾಡಿ ಡ್ರಾಯಿಂಗ್ ತರಿಸಿಕೊಳ್ಳುತ್ತೇನೆ, ಹಬ್ಬ ಚೆನ್ನಾಗಿ ಆಗಲಿ’ ಎಂದಿಷ್ಟೇ ಬರೆದು, ಶುಕ್ರವಾರ ಹೊಸ ವಿಷಯದ ಸಾಲು ಹಾಕಿ ಬೇರೆಯೇ ಮೇಲಿನಲ್ಲಿ ಕೊಟೇಶನ್ ಕಳಿಸಬೇಕು. ಅವರ ಆಫೀಸಿನಲ್ಲಿ ಆ ಕೊಟೇಶನ್ ಇನ್ನು ನಾಲ್ಕು ಮಂದಿಯ ಕೈಗೆ ಹೋಗುತ್ತದೆ, ಬೇರೆಯವರ ರೇಟಿನ ಜೊತೆ ಹೋಲಿಕೆಯಾಗುತ್ತದೆ, ಚೌಕಾಸಿ ನಡೆಯುತ್ತದೆ. ಶಾಫ್ಟಿನ ನೆನಪೂ ಮನೆಯವರಿಗೆ ಹೇಳಿದ ಶುಭಾಶಯವೂ ಆ ಚೌಕಾಸಿಯ ಕೆಳಗೆ ಅಂಟಿಕೊಂಡು ತಿರುಗಾಡಬೇಕಿಲ್ಲ.